7.16 ಮತ್ತು 7.6: ಇದು ಅಚ್ಚಿನ ತಪ್ಪಲ್ಲ

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಫೋನಿಗೆ ಒಂದು ಫೋಟೋ ಬಂತು. ನಮ್ಮಲ್ಲಿ ಹತ್ತರ ತನಕ ಕನ್ನಡದಲ್ಲಿ ಕಲಿತು ಈಗ ಪ್ಲಸ್ ವನ್ ಸಯನ್ಸ್‌ನಲ್ಲಿರುವ ಹುಡುಗಿ ಕಳಿಸಿದ್ದು. ನೋಟ್ ಪುಸ್ತಕದ ಒಂದು ಪುಟ, ಮೇಲೆ ಅವಳದ್ದೇ ಫೋನಿನ ನೆರಳು, ಗೋಡೆಗೆ ಒರಗಿಸಿದ ಒಂದು ಹಲಗೆ, ಅದರ ಮೇಲೊಂದು ಚೌಕ, ಚೌಕದಿಂದ ಹೊರಡುವ ಬಾಣಗಳು. ಕೆಳಗೆ ಒಂದು ಸಾಲು: "ಸರ್, ನಂಗೆ 7.16 ಬರ್ತಾ ಉಂಟು. ಗೈಡಿನಲ್ಲಿ 7.6 ಅಂತ ಉಂಟು. ಮಧ್ಯದ 1 ಬಿಟ್ಟುಹೋದದ್ದಲ್ವಾ? ಪ್ರಿಂಟ್ ಮಿಸ್ಟೇಕಾ?"

ನಿಜ ಹೇಳುತ್ತೇನೆ, ಒಂದು ಕ್ಷಣ ನಾನೂ "ಹೌದು, ಇರಬೇಕು" ಅಂತ ಬರೆಯಲು ಹೊರಟಿದ್ದೆ. ಹಸಿವೆ ಬೇರೆ. ಗೈಡುಗಳಲ್ಲಿ ಅಚ್ಚಿನ ತಪ್ಪು ಏನು ಅಪರೂಪವಲ್ಲ. 7.16ರಲ್ಲಿ ಒಂದು ಅಂಕೆ ಬಿದ್ದುಹೋದರೆ 7.6 ಆಗುತ್ತದೆ, ನಂಬುವಂಥ ಮಾತೇ. ಆದರೆ ಲೆಕ್ಕ ಮಾಡಿ ನೋಡಿದಾಗ ಗೈಡು ಸರಿ ಇತ್ತು. ಹುಡುಗಿಯ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಒಂದು ಉತ್ತರವನ್ನು ಒಂದು ಕಡೆಗೆ ಎಳೆದರೆ ಇನ್ನೊಂದು ಎದುರು ಕಡೆಗೆ ಎಳೆದು, ಕೊನೆಗೆ ಬಂದ ಸಂಖ್ಯೆ ಸರಿಯುತ್ತರದ ಪಕ್ಕದಲ್ಲೇ ಕೂತಿತ್ತು. ಈ ಫೋಟೋ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದು ಇದಕ್ಕೇ.

ಪ್ರಶ್ನೆ ಹೀಗೆ: 5 ಕೆ.ಜಿ. ರಾಶಿಯ ಒಂದು ಕಟ್ಟೆ ಗೋಡೆಗೆ ಒರಗಿಸಿದ ಒರಟು ಹಲಗೆಯ ಮೇಲಿದೆ. ಹಲಗೆ ಗೋಡೆಯೊಂದಿಗೆ 60 ಡಿಗ್ರಿ ಕೋನದಲ್ಲಿದೆ. ಸ್ಥಿತ ಘರ್ಷಣಾಂಕ 0.4, ಚಲನ ಘರ್ಷಣಾಂಕ 0.3. ಕಟ್ಟೆಯನ್ನು ಹಲಗೆಯುದ್ದಕ್ಕೂ ಮೇಲಕ್ಕೆ ದೂಡಿ ಬಿಡಲಾಗಿದೆ. ಮೇಲೆ ಹೋಗುವಾಗ ಅದರ ವೇಗೋತ್ಕರ್ಷ ಎಷ್ಟು? ಅದು ವಾಪಸು ಜಾರಿ ಬರುತ್ತದೆಯೇ? ಬಂದರೆ ಆಗಿನ ವೇಗೋತ್ಕರ್ಷ ಎಷ್ಟು? g ಅನ್ನು 10 ಎಂದು ತೆಗೆದುಕೊಳ್ಳಿ.

ಈ ಪ್ರಶ್ನೆ ಅವಳು ಕಳಿಸಿದ್ದಲ್ಲ, ನಾನು ಕೇಳಿ ತರಿಸಿಕೊಂಡದ್ದು. ಅವಳು ಕಳಿಸಿದ್ದು ಚಿತ್ರ ಮಾತ್ರ, ಅದೂ ಅಂಚು ಕತ್ತರಿಸಿ.

ಫೋಟೋದಲ್ಲಿರುವ ಚಿತ್ರವನ್ನು ಓದುವುದಕ್ಕೂ ಪುಸ್ತಕದಲ್ಲಿರುವ ಚಿತ್ರವನ್ನು ಓದುವುದಕ್ಕೂ ವ್ಯತ್ಯಾಸ ಉಂಟು ಎನ್ನುವುದನ್ನು ನಾವು ಮಾಷ್ಟ್ರುಗಳು ಮಕ್ಕಳಿಗೆ ಹೇಳಿಕೊಟ್ಟೇ ಇಲ್ಲ. ಫೋನನ್ನು ಪುಟದ ನೇರ ಮೇಲೆ ಹಿಡಿದು ಸ್ವಲ್ಪ ತಿರುಗಿಸಿದರೆ ಇಡೀ ಚಿತ್ರ ತಿರುಗುತ್ತದೆ, ನೆಲದ ಗೆರೆ ಓರೆಯಾಗಿ ಕಾಣುತ್ತದೆ ಅಷ್ಟೆ. ಗೆರೆ ಗೆರೆಗಳ ನಡುವಿನ ಕೋನಗಳು ಹಾಗೇ ಇರುತ್ತವೆ. ಆದರೆ ಕೂತಲ್ಲಿಂದಲೇ ಫೋನನ್ನು ವಾಲಿಸಿ ಹಿಡಿದು ತೆಗೆದರೆ ಪುಟದ ದೂರದ ಅಂಚು ಕಿರಿದಾಗುತ್ತದೆ, ಕೋನಗಳೇ ಬದಲಾಗಿಬಿಡುತ್ತವೆ. ಈ ಫೋಟೋದಲ್ಲಿ ಗೋಡೆಯೂ ನೆಲವೂ ಸೇರುವ ಮೂಲೆ 90 ಡಿಗ್ರಿ ಇರಬೇಕಾದದ್ದು ಪರದೆಯ ಮೇಲೆ ಸುಮಾರು 80 ಕಾಣುತ್ತಿತ್ತು. ಫೋಟೋ ನಂಬಬಹುದೇ ಇಲ್ಲವೇ ಅಂತ ತಿಳಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಲಂಬವಾಗಿರಲೇಬೇಕಾದ ಒಂದು ಮೂಲೆಯನ್ನು ಹುಡುಕಿ ನೋಡುವುದು. ಅದು ಲಂಬವಾಗಿ ಕಾಣದಿದ್ದರೆ ಆ ಚಿತ್ರದಲ್ಲಿ ಬೇರೆ ಯಾವ ಕೋನವನ್ನೂ ಕಣ್ಣಿನಿಂದಾಗಲಿ ಕೋನಮಾಪಕದಿಂದಾಗಲಿ ಅಳೆಯಬಾರದು. ಬರೆದ ಅಂಕೆಯನ್ನು ಮಾತ್ರ ತೆಗೆದುಕೊಳ್ಳಬೇಕು. ಅದಕ್ಕಿಂತ ಮುಖ್ಯವಾಗಿ, ಆ ಅಂಕೆಯನ್ನು ಯಾವ ಎರಡು ಗೆರೆಗಳ ನಡುವೆ ಬರೆದಿದೆ ಅಂತ ನೋಡಬೇಕು.

ಇಲ್ಲೇ ಮೊದಲನೆಯ ತಪ್ಪು. 60 ಎಂದು ಬರೆದದ್ದು ಮೇಲಿನ ಮೂಲೆಯಲ್ಲಿ, ಹಲಗೆಗೂ ಗೋಡೆಗೂ ನಡುವೆ. ಹುಡುಗಿ ಕ್ಲಾಸಿನಲ್ಲಿ ಕಲಿತದ್ದು "ಓರೆಯುದ್ದಕ್ಕೆ mg sinθ, ಓರೆಗೆ ಲಂಬವಾಗಿ mg cosθ" ಎಂಬ ಮಂತ್ರ. ಆ ಮಂತ್ರದ θ ನೆಲದ ಜೊತೆಗಿನ ಕೋನ. ಅವಳು ಕಂಡ ಒಂದೇ ಅಂಕೆಯನ್ನು ಮಂತ್ರಕ್ಕೆ ಹಾಕಿದಳು. 50 × sin 60 = 43.3 ಎಂದು ಓರೆಯುದ್ದದ ಎಳೆತ ಬಂತು, 50 × cos 60 = 25 ಎಂದು ಲಂಬ ಬಲ ಬಂತು. ಎರಡೂ ಅದಲುಬದಲು.

ಇದರಲ್ಲಿ ಮಗುವಿನ ತಪ್ಪಿಗಿಂತ ನಮ್ಮ ತಪ್ಪು ಹೆಚ್ಚು ಅಂತ ನನ್ನ ಅಭಿಪ್ರಾಯ. ನಾವು ಬೋರ್ಡಿನಲ್ಲಿ ಯಾವಾಗಲೂ ಕೋನವನ್ನು ಕೆಳಗಿನ ಎಡ ಮೂಲೆಯಲ್ಲೇ ಬರೆಯುತ್ತೇವೆ, ಯಾವಾಗಲೂ 30 ಅಂತಲೇ ಬರೆಯುತ್ತೇವೆ. ಆಮೇಲೆ "sin ಅಂದರೆ ಓರೆಯುದ್ದಕ್ಕೆ" ಅಂತ ಬಾಯಿಪಾಠ ಮಾಡಿಸುತ್ತೇವೆ. ಕೋನ ಜಾಗ ಬದಲಿಸಿದ ದಿನ ಮಂತ್ರ ಕೈಕೊಡುತ್ತದೆ. ನಾನೂ ಎಷ್ಟೋ ವರ್ಷ ಹಾಗೇ ಕಲಿಸಿದವ. ಈಗ sin ಎಂಬ ಮಾತನ್ನೇ ಮೊದಲ ಎರಡು ಪೀರಿಯಡ್ ಎತ್ತುವುದಿಲ್ಲ. ಒಂದು ಬಲವು ಒಂದು ದಿಕ್ಕಿನಲ್ಲಿ ಎಷ್ಟು ಎಳೆಯುತ್ತದೆ? ಬಲವನ್ನು ಆ ದಿಕ್ಕಿಗೂ ಬಲಕ್ಕೂ ನಡುವಿನ ಕೋನದ cos ನಿಂದ ಗುಣಿಸಿ. ಇಷ್ಟೇ ನಿಯಮ. ಈ ಚಿತ್ರದಲ್ಲಿ mg ನೇರ ಕೆಳಕ್ಕೆ, ಅಂದರೆ ಗೋಡೆಗೆ ಸಮಾಂತರ. ಹಲಗೆ ಗೋಡೆಯೊಂದಿಗೆ 60 ಡಿಗ್ರಿ ಮಾಡುವುದಾದರೆ mg ಕೂಡ ಹಲಗೆಯೊಂದಿಗೆ 60 ಡಿಗ್ರಿಯೇ. ಹಾಗಾಗಿ ಹಲಗೆಯುದ್ದಕ್ಕೆ 50 × cos 60 = 25 ನ್ಯೂಟನ್. ಹಲಗೆಗೆ ಲಂಬವಾದ ದಿಕ್ಕಿಗೂ mg ಗೂ ನಡುವೆ ಉಳಿದ 30 ಡಿಗ್ರಿ, ಆದ್ದರಿಂದ 50 × cos 30 = 43.3 ನ್ಯೂಟನ್. ಮಂತ್ರ ಬೇಡ, ಕೋನವನ್ನು 30 ಎಂದು ಬದಲಿಸಿ ಬರೆಯುವುದೂ ಬೇಡ. ಕೊಟ್ಟ ಕೋನವೇ ಸಾಕು.

ಅನುಮಾನ ಬಂದರೆ ಹಲಗೆಯನ್ನು ಮನಸ್ಸಿನಲ್ಲೇ ನೆಲಕ್ಕೆ ಮಲಗಿಸಿ ನೋಡಿ. ಆಗ ಉದ್ದಕ್ಕೆ ಎಳೆತ ಸೊನ್ನೆಯಾಗಬೇಕು, ಲಂಬ ಬಲ ಪೂರ್ತಿ 50 ಆಗಬೇಕು. ನೀವು ಬರೆದ ಸೂತ್ರ ಹಾಗೆ ಹೇಳದಿದ್ದರೆ sin, cos ಅದಲುಬದಲಾಗಿದೆ. ಅರ್ಧ ನಿಮಿಷದ ಕೆಲಸ.

ಚಿತ್ರದಲ್ಲಿ ಇನ್ನೊಂದು ಗೊಂದಲವೂ ಇತ್ತು. ಈ ಬಾರಿ ಉತ್ತರ ಕೆಡಲಿಲ್ಲ, ಮುಂದೆ ಕೆಡಬಹುದು. ಕಟ್ಟೆಯಿಂದ ಐದು ಬಾಣಗಳು ಹೊರಟಿದ್ದವು: mg, N, f, ಜೊತೆಗೆ mg ಯ ಎರಡು ಘಟಕಗಳೂ ಅಷ್ಟೇ ದಪ್ಪದ ಗೆರೆಯಲ್ಲಿ. ಕಟ್ಟೆಯನ್ನು ಮುಟ್ಟುತ್ತಿರುವುದು ಹಲಗೆ ಮಾತ್ರ, ಮುಟ್ಟದೆ ಎಳೆಯುವುದು ಭೂಮಿ ಮಾತ್ರ. ಹಲಗೆ ಕೊಡುವುದು N ಮತ್ತು f, ಭೂಮಿ ಕೊಡುವುದು mg. ಒಟ್ಟು ಮೂರೇ. ಘಟಕಗಳು ಹೊಸ ಬಲಗಳಲ್ಲ, mg ಯನ್ನೇ ಎರಡು ತುಂಡು ಮಾಡಿ ಬರೆದದ್ದು. ನೂರರ ನೋಟನ್ನು ಎರಡು ಐವತ್ತು ಮಾಡಿಸಿ ಆಮೇಲೆ ಮೂರನ್ನೂ ಸೇರಿಸಿ ಇನ್ನೂರು ಅಂತ ಯಾರೂ ಎಣಿಸುವುದಿಲ್ಲವಲ್ಲ. ಘಟಕಗಳನ್ನು ಚುಕ್ಕಿ ಗೆರೆಯಲ್ಲಿ ಬರೆದು, ಬರೆದ ಕೂಡಲೇ ಮೂಲ mg ಮೇಲೆ ಒಂದು ಅಡ್ಡಗೆರೆ ಹಾಕಿಸುವುದು ನನ್ನ ಅಭ್ಯಾಸ. ದೂಡಿದ ಕೈಯ ಬಲ ಎಲ್ಲಿ ಅಂತ ಕೇಳುವವರೂ ಇದ್ದಾರೆ. ಕೈ ಬಿಟ್ಟಾಗಿದೆ, ಇನ್ನು ಆ ಬಲ ಇಲ್ಲ. ವೇಗ ಮಾತ್ರ ಉಳಿದಿದೆ.

ಈಗ ಎರಡನೆಯ ತಪ್ಪು, ನನಗೆ ಹೆಚ್ಚು ಮುಖ್ಯ ಅನ್ನಿಸಿದ್ದು. ಫೋಟೋದಲ್ಲಿ f ಬಾಣ ಹಲಗೆಯುದ್ದಕ್ಕೂ ಮೇಲ್ಮುಖವಾಗಿತ್ತು. ಯಾಕೆ ಅಂತ ಕೇಳಿದೆ. "ಬ್ಲಾಕ್ ಕೆಳಗೆ ಜಾರ್ತದಲ್ಲ ಸರ್, ಹಾಗೆ ಫ್ರಿಕ್ಷನ್ ಮೇಲೆ." ಪ್ರಶ್ನೆಯಲ್ಲಿ ಎಂತ ಉಂಟು ಮಾರಾಯ್ತಿ, ಅಂತ ಕೇಳಿದ ಮೇಲೆ ಪ್ರಶ್ನೆಯ ಫೋಟೋ ಬಂತು, ಅದರ ಜೊತೆ ಪುಸ್ತಕದ ಮೂಲ ಚಿತ್ರವೂ. ಮೂಲ ಚಿತ್ರದಲ್ಲಿ ಹಲಗೆಯ ಪಕ್ಕ ಸಣ್ಣದಾಗಿ v ಎಂಬ ಬಾಣ ಮೇಲ್ಮುಖವಾಗಿ ಇತ್ತು. ನೋಟ್ ಪುಸ್ತಕಕ್ಕೆ ಇಳಿಸುವಾಗ ಅದು ಬಿಟ್ಟುಹೋಗಿದೆ.

ಘರ್ಷಣೆಯ ದಿಕ್ಕು ಹಲಗೆಯ ಓರೆಯನ್ನು ನೋಡಿ ಬರುವುದಲ್ಲ. ಕಟ್ಟೆ ಹಲಗೆಯ ಮೇಲೆ ಯಾವ ಕಡೆ ಜಾರುತ್ತಿದೆ ಎಂಬುದನ್ನು ನೋಡಿ, ಅದಕ್ಕೆ ಎದುರಾಗಿ ಬರುವುದು. ಮೇಲೆ ಹೋಗುವಾಗ ಘರ್ಷಣೆ ಕೆಳಮುಖ. ಆಗ mg ಯ 25 ನ್ಯೂಟನ್ ಕೂಡ ಕೆಳಮುಖ. ಎರಡೂ ಒಂದೇ ಕಡೆ. ಚಲನ ಘರ್ಷಣೆ 0.3 × 43.3 = 13 ನ್ಯೂಟನ್. ಒಟ್ಟು 38 ನ್ಯೂಟನ್, 5 ಕೆ.ಜಿ.ಯಿಂದ ಭಾಗಿಸಿದರೆ 7.6 ಮೀಟರ್ ಪ್ರತಿ ಸೆಕೆಂಡ್ ವರ್ಗ, ಹಲಗೆಯುದ್ದಕ್ಕೂ ಕೆಳಮುಖವಾಗಿ. ಕಟ್ಟೆ ಮೇಲಕ್ಕೆ ಹೋಗುತ್ತಿದೆ, ವೇಗೋತ್ಕರ್ಷ ಕೆಳಕ್ಕಿದೆ, ಅದಕ್ಕೇ ನಿಧಾನವಾಗುತ್ತಾ ಹೋಗುತ್ತದೆ. ಗೈಡಿನ 7.6 ಇದು.

ಹುಡುಗಿಯ ಲೆಕ್ಕ: 43.3 ರಿಂದ ಘರ್ಷಣೆ 0.3 × 25 = 7.5 ಕಳೆದು 35.8, ಐದರಿಂದ ಭಾಗಿಸಿ 7.16. ಕೋನದ ತಪ್ಪಿನಿಂದ ಎಳೆತ 18 ನ್ಯೂಟನ್ ಹೆಚ್ಚಾಯಿತು. ಘರ್ಷಣೆಯನ್ನು ಕೂಡುವ ಬದಲು ಕಳೆದದ್ದರಿಂದ 20 ನ್ಯೂಟನ್‌ನಷ್ಟು ಕಡಿಮೆಯಾಯಿತು. ಎರಡೂ ಒಂದನ್ನೊಂದು ತಿಂದುಹಾಕಿದವು. ಬರೀ ಉತ್ತರ ನೋಡಿ "ಹತ್ತಿರ ಬಂದಿದೆ, ಪರವಾಗಿಲ್ಲ" ಅಂದರೆ ಇಂಥದ್ದು ಎಂದೂ ಸಿಕ್ಕಿಬೀಳುವುದಿಲ್ಲ.

ಸಿಕ್ಕಿಬೀಳಿಸಲು ಒಂದು ಉಪಾಯ ಇದೆ. ಘರ್ಷಣೆಯೇ ಇಲ್ಲದಿದ್ದರೆ ಎಷ್ಟು ಬರುತ್ತದೆ ಅಂತ ಮೊದಲು ಒಂದು ಮೂಲೆಯಲ್ಲಿ ಬರೆದಿಡಿ. ಇಲ್ಲಿ 25 ÷ 5 = 5. ಮೇಲೆ ಹೋಗುವಾಗ ಉತ್ತರ 5ಕ್ಕಿಂತ ಹೆಚ್ಚೇ ಆಗಬೇಕು, ಕೆಳಗೆ ಬರುವಾಗ 5ಕ್ಕಿಂತ ಕಡಿಮೆಯೇ ಆಗಬೇಕು. ಹುಡುಗಿಯ ಲೆಕ್ಕದಲ್ಲಿ ಘರ್ಷಣೆ ಇಲ್ಲದಾಗ 8.66, ಅವಳ ಉತ್ತರ 7.16. ಮೇಲೆ ಹೋಗುವ ಕಟ್ಟೆಗೆ ಅದಕ್ಕಿಂತ ಕಡಿಮೆ ಬಂದದ್ದೇ ತಪ್ಪಿನ ಗುರುತು. ಅವಳ ಕೋನ ತಪ್ಪಾಗಿದ್ದರೂ ಈ ಗುರುತು ಘರ್ಷಣೆಯ ತಪ್ಪನ್ನು ತೋರಿಸಿಕೊಡುತ್ತದೆ. ಕೋನದ ತಪ್ಪನ್ನು ಮಾತ್ರ ಇದು ಹಿಡಿಯುವುದಿಲ್ಲ. ಅದಕ್ಕೆ ಚಿತ್ರವನ್ನೇ ನೋಡಬೇಕು.

ಪ್ರಶ್ನೆಯ ಎರಡನೆಯ ಭಾಗ. ಕಟ್ಟೆ ಮೇಲೆ ಹೋಗಿ ನಿಂತಿತು. ವಾಪಸು ಬರುತ್ತದೆಯೇ? ಇಲ್ಲಿ ಬಹಳ ಮಕ್ಕಳು ಸೀದಾ ಸೂತ್ರಕ್ಕೆ ಹೋಗುತ್ತಾರೆ. ನಿಂತ ಕಟ್ಟೆಗೆ ಅನ್ವಯಿಸುವುದು ಸ್ಥಿತ ಘರ್ಷಣೆ. ಅದರ ಗರಿಷ್ಠ 0.4 × 43.3 = 17.3 ನ್ಯೂಟನ್. ಕೆಳಗೆ ಎಳೆಯುವುದು 25. ಹಿಡಿದು ನಿಲ್ಲಿಸಲು ಸಾಲದು, ಆದ್ದರಿಂದ ಜಾರುತ್ತದೆ. ಜಾರತೊಡಗಿದ ಮೇಲೆ ಚಲನ ಘರ್ಷಣೆ 13, ಈಗ ಮೇಲ್ಮುಖ. 25 − 13 = 12 ನ್ಯೂಟನ್, ವೇಗೋತ್ಕರ್ಷ 2.4. ಅದೇ ಹಲಗೆ, ಅದೇ ಕಟ್ಟೆ, ಹೋಗುವಾಗ 7.6, ಬರುವಾಗ 2.4.

ಈ "ಜಾರುತ್ತದೆಯೇ" ಎಂಬ ಪ್ರಶ್ನೆಯನ್ನು ಬಿಟ್ಟರೆ ಏನಾಗುತ್ತದೆ ಅಂತ ನೋಡಲು ಹಲಗೆಯನ್ನು ನೆಲದಿಂದ 10 ಡಿಗ್ರಿಗೆ ಇಳಿಸಿ ಲೆಕ್ಕ ಮಾಡಿಸುತ್ತೇನೆ. ಎಳೆತ 50 × sin 10 = 8.7, ಚಲನ ಘರ್ಷಣೆ 0.3 × 49.2 = 14.8. ಕಳೆದು ಭಾಗಿಸಿದರೆ −1.2. ಕ್ಯಾಲ್ಕುಲೇಟರ್ ಏನೂ ತಕರಾರು ಮಾಡುವುದಿಲ್ಲ. ಮಗು "ವೇಗೋತ್ಕರ್ಷ −1.2, ಮೇಲ್ಮುಖವಾಗಿ" ಅಂತ ಬರೆದು ಕೊಡುತ್ತದೆ. ಅಂದರೆ ಹಲಗೆಯ ಮೇಲೆ ಸುಮ್ಮನೆ ಇಟ್ಟ ಕಟ್ಟೆ ತಾನಾಗಿ ಮೇಲೆ ಹತ್ತಿತು! ಘರ್ಷಣೆ ತಡೆಯಬಲ್ಲದು, ತಾನಾಗಿ ಎಳೆದುಕೊಂಡು ಹೋಗಲಾರದು. ಇಲ್ಲಿ ನಿಜವಾದ ಘರ್ಷಣೆ 8.7 ಮಾತ್ರ, ಎಳೆತ ಎಷ್ಟೋ ಅಷ್ಟೇ, ಕಟ್ಟೆ ಅಲ್ಲಾಡುವುದಿಲ್ಲ. ಮೊದಲೇ ಕೆಳಗೆ ಜಾರುತ್ತಿದ್ದ ಕಟ್ಟೆಯಾದರೆ ಆ −1.2ಕ್ಕೆ ಅರ್ಥವಿದೆ, ಅದು ನಿಧಾನವಾಗಿ ನಿಲ್ಲುತ್ತದೆ. μN ಎನ್ನುವುದು ಸ್ಥಿತ ಘರ್ಷಣೆಯ ಮಿತಿ, ಬೆಲೆ ಅಲ್ಲ. ಅಂಗಡಿಯಲ್ಲಿ ಸಾವಿರದ ತನಕ ಸಾಲ ಕೊಡುತ್ತಾರೆ ಅಂದರೆ ಎಲ್ಲರ ಲೆಕ್ಕದಲ್ಲೂ ಸಾವಿರ ಬಾಕಿ ಇದೆ ಅಂತಲ್ಲ.

ಈಗ ಭಾಷೆಯ ಸಂಗತಿ. ನಮ್ಮ ಶಾಲೆಗಳಿಂದ ಹೋದ ಮಕ್ಕಳು ಪ್ಲಸ್ ವನ್‌ನಲ್ಲಿ ಇಂಗ್ಲಿಷಿನ ಎನ್‌ಸಿಇಆರ್‌ಟಿ ಪುಸ್ತಕ ಹಿಡಿಯುತ್ತಾರೆ. ಅದರಲ್ಲಿ 4 ಕೆ.ಜಿ. ರಾಶಿಯನ್ನಿಟ್ಟ ಸಮತಲವನ್ನು ಮೆಲ್ಲಗೆ ಎತ್ತುತ್ತಾ ಹೋಗಿ, 15 ಡಿಗ್ರಿಯಲ್ಲಿ ಅದು ಜಾರತೊಡಗುವ ಉದಾಹರಣೆ ಉಂಟು. ಒಳ್ಳೆಯ ಉದಾಹರಣೆ. ಆದರೆ ಅದರಲ್ಲಿ ಬರುವ 'ನಾರ್ಮಲ್ ಫೋರ್ಸ್' ಎಂಬುದನ್ನು ನಮ್ಮ ಮಕ್ಕಳು "ಸಾಮಾನ್ಯ ಬಲ" ಅಂತ ಅರ್ಥ ಮಾಡಿಕೊಂಡದ್ದನ್ನು ನಾನು ಒಂದಲ್ಲ, ಎಷ್ಟೋ ಸಲ ಕಂಡಿದ್ದೇನೆ. ಸಾಮಾನ್ಯ ಅಂದ ಮೇಲೆ ಅದು ಯಾವಾಗಲೂ mg ಯೇ ಇರಬೇಕು ಅಂತ N = 50 ಬರೆದುಬಿಡುತ್ತಾರೆ. ಹಾಗೆ ಬರೆದರೆ ಘರ್ಷಣೆ 15 ಆಗುತ್ತದೆ, ಇಳಿಯುವಾಗಿನ ಉತ್ತರ 2.4ರ ಬದಲು 2 ಆಗುತ್ತದೆ. ಆ 2 ಎಂಬ ದುಂಡಗಿನ ಸಂಖ್ಯೆ ಕಂಡರೆ ಸಾಕು, ನಾನು N ಎಷ್ಟು ತೆಗೆದುಕೊಂಡೆ ಅಂತ ಕೇಳುತ್ತೇನೆ. "ಲಂಬ ಬಲ" ಅಂತ ಕನ್ನಡದಲ್ಲಿ ಕಲಿತಿದ್ದರೆ ಯಾವುದಕ್ಕೆ ಲಂಬ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ: ಹಲಗೆಗೆ ಲಂಬ, ನೆಲಕ್ಕಲ್ಲ.

ಕನ್ನಡವೇ ಎಲ್ಲದಕ್ಕೂ ಮೇಲು ಅಂತ ಹೇಳಲು ಹೊರಟಿಲ್ಲ. ನಮ್ಮ "ಇಳಿಜಾರು" ಎಂಬ ಪದವೇ ನೋಡಿ, ಅದರೊಳಗೇ ಇಳಿಯುವುದೂ ಜಾರುವುದೂ ಕೂತಿದೆ. ಪ್ರಶ್ನೆ ಓದಿ ಮುಗಿಯುವ ಮೊದಲೇ ಮಗುವಿನ ತಲೆಯಲ್ಲಿ ಕಟ್ಟೆ ಕೆಳಗೆ ಜಾರಿಯಾಯಿತು! ಈ ಹುಡುಗಿ f ಬಾಣವನ್ನು ಮೇಲಕ್ಕೆ ಎಳೆದದ್ದಕ್ಕೆ ಆ ಪದವೂ ಸ್ವಲ್ಪ ಕಾರಣವಿರಬಹುದು ಅಂತ ನನ್ನ ಗುಮಾನಿ. ಅದಕ್ಕೇ ನಾನೀಗ "ಓರೆ ಹಲಗೆ" ಅನ್ನುತ್ತೇನೆ. ವೇಗೋತ್ಕರ್ಷಕ್ಕೆ ಪಕ್ಕದ ಕ್ಲಾಸಿನಲ್ಲಿ ತ್ವರಣಂ ಅನ್ನುತ್ತಾರೆ, ಪುಸ್ತಕದಲ್ಲಿ ಆಕ್ಸಿಲರೇಷನ್. ಮೂರೂ ಗೊತ್ತಿದ್ದರೆ ಮಗುವಿಗೆ ನಷ್ಟವಿಲ್ಲ, ಬಾಣ ಎಲ್ಲಿ ಹಾಕಬೇಕು ಅಂತ ಗೊತ್ತಿದ್ದರಾಯಿತು.

ಫೋಟೋ ಕಳಿಸಬೇಡಿ ಅಂತ ಹೇಳುವ ಮಾಷ್ಟ್ರುಗಳಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಬದಿಯಡ್ಕದ ಆಚೆಯ ಗುಡ್ಡದ ಮನೆಯಿಂದ ರಾತ್ರಿ ಎಂಟಕ್ಕೆ ಬೇರೆ ಯಾರನ್ನು ಕೇಳಬೇಕು ಆ ಮಗು? ಆದರೆ ಫೋಟೋಗೆ ಉತ್ತರವಾಗಿ ನಾವು ಬಿಡಿಸಿದ ಲೆಕ್ಕದ ಫೋಟೋ ಕಳಿಸುವುದು ತಪ್ಪು ಅಂತ ನನ್ನ ಖಚಿತ ಅಭಿಪ್ರಾಯ. ನಾನು ಮೂರು ಮಾತು ವಾಪಸು ಕೇಳುತ್ತೇನೆ. ಪ್ರಶ್ನೆ ಪೂರ್ತಿ ಕಳಿಸು. ಕೋನ ಯಾವ ಎರಡು ಗೆರೆಗಳ ನಡುವೆ ಅಂತ ಮಾತಿನಲ್ಲಿ ಬರೆ. ಕಟ್ಟೆ ಈಗ ಯಾವ ಕಡೆ ಹೋಗುತ್ತಿದೆ ಹೇಳು. ಅದಾದ ಮೇಲೆ ಹೊಸ ಹಾಳೆಯಲ್ಲಿ ಮೂರೇ ಬಾಣದ ಚಿತ್ರ ಬರೆದು ಕಳಿಸು. ಹತ್ತರಲ್ಲಿ ಏಳು ಸಲ ಆ ಚಿತ್ರ ಬರೆಯುವಾಗಲೇ "ಸರ್ ಗೊತ್ತಾಯ್ತು, ಬೇಡ" ಅಂತ ಬರುತ್ತದೆ. ನನ್ನ ಊಟವೂ ಆಗುತ್ತದೆ. ಪರೀಕ್ಷೆಯಲ್ಲಿಯೂ ಹೀಗೇ ಚಿತ್ರಕ್ಕೆ ಅರ್ಧ ಅಂಕ ಇಟ್ಟು, ಸೂತ್ರವನ್ನು ಸೀದಾ ಬರೆದವರಿಗೆ ಆ ಅರ್ಧ ಕೊಡಬಾರದು ಅಂತ ನಮ್ಮ ಮೀಟಿಂಗಿನಲ್ಲಿ ಹೇಳಿದ್ದೆ. ಒಪ್ಪಿದವರು ಕಡಿಮೆ. ಇರಲಿ.

ಆ ವಾರ ರಜೆಗೆ ಬಂದ ಹುಡುಗಿ ನಮ್ಮ ಶಾಲೆಗೇ ಬಂದಳು. ಹಳೆಯ ಬೆಂಚಿನ 1.2 ಮೀಟರಿನ ಹಲಗೆಯೊಂದಿತ್ತು. ಅಂಗಳದಿಂದ ಮುರಕಲ್ಲುಗಳನ್ನು ತಂದು ಒಂದು ತುದಿಯನ್ನು ಎತ್ತುತ್ತಾ ಹೋದೆವು, ಚಾಕ್‌ಪೀಸಿನ ಮರದ ಪೆಟ್ಟಿಗೆಯೊಳಗೆ ಎರಡು ಪುಸ್ತಕ ಹಾಕಿ ಮೇಲಿಟ್ಟೆವು. ತುದಿಯ ಎತ್ತರ 52 ಸೆಂಟಿಮೀಟರ್ ಆದಾಗ ಪೆಟ್ಟಿಗೆ ತಾನಾಗಿ ಜಾರಿತು. ನೆಲದ ಉದ್ದ ಅಳೆದರೆ 108. ಐವತ್ತೆರಡನ್ನು ನೂರೆಂಟರಿಂದ ಭಾಗಿಸಿದರೆ 0.48, ಅದೇ ಈ ಪೆಟ್ಟಿಗೆಗೂ ಈ ಹಲಗೆಗೂ ನಡುವಿನ ಸ್ಥಿತ ಘರ್ಷಣಾಂಕ. ಕೋನಮಾಪಕ ಬೇಕಾಗಲೇ ಇಲ್ಲ. ಹಲಗೆಯ ಬೇರೆ ಬೇರೆ ಜಾಗದಲ್ಲಿಟ್ಟು ನೋಡಿದಾಗ 49ರಿಂದ 55ರ ವರೆಗೆ ಎತ್ತರ ಬದಲಾಯಿತು. ಪುಸ್ತಕದ 0.4 ಎಂಬ ಒಂದೇ ಸಂಖ್ಯೆಗೆ ಎಷ್ಟು ಬೆಲೆ ಕೊಡಬೇಕು ಅಂತ ಅಲ್ಲಿ ಗೊತ್ತಾಗುತ್ತದೆ.

ಆಮೇಲೆ ಹಲಗೆಯನ್ನು 46ಕ್ಕೆ ಇಳಿಸಿದೆವು. ಪೆಟ್ಟಿಗೆ ಇಟ್ಟಲ್ಲೇ ಕೂತಿತು. ಹುಡುಗಿ ಬೆರಳಿನಿಂದ ಮೆಲ್ಲಗೆ ಕೆಳಗೆ ತಟ್ಟಿದಳು. ಪೆಟ್ಟಿಗೆ ನಿಲ್ಲದೆ ಕೆಳಗಿನ ತನಕ ಜಾರಿಕೊಂಡು ಹೋಯಿತು. ಮತ್ತೆ ಮೇಲಿಟ್ಟಳು, ಅದು ಮತ್ತೆ ಕೂತಿತು. "ಒಂದೇ ಹಲಗೆಯಲ್ಲಿ ಎರಡೂ ಹೇಗೆ ಸರ್?" ಅಂತ ಕೇಳಿದಳು. ಎರಡು ಘರ್ಷಣಾಂಕ ಯಾಕೆ ಕೊಟ್ಟಿದ್ದಾರೆ ಅಂತ ನಿನ್ನ ಪ್ರಶ್ನೆಯನ್ನೇ ಇನ್ನೊಮ್ಮೆ ಓದು ಅಂದೆ. ಪುಸ್ತಕ ತೆಗೆದು ಅಲ್ಲೇ ಮುರಕಲ್ಲಿನ ಮೇಲೆ ಕೂತು, ಮೂರು ಬಾಣ ಬರೆಯತೊಡಗಿದಳು.